ಸಹಾಯ ಬೇಕು: 700 ಚದರ ಅಡಿ ಮನೆಗೆ ಒಟ್ಟು ಎಷ್ಟು ನೀರು?

ಎಲ್ಲರಿಗೂ ನಮಸ್ಕಾರ. ಉಡುಪಿಯ ಮಲ್ಪೆ ಕಡೆ 700 ಚದರ ಅಡಿಯ ಚಿಕ್ಕ ಮನೆ ಕಟ್ಟಿಸುತ್ತಿದ್ದೇವೆ. ಸ್ಲ್ಯಾಬ್ ಏಪ್ರಿಲ್‌ನಲ್ಲಿ ಹಾಕಿಸುತ್ತೇವೆ. ಅಷ್ಟೊತ್ತಿಗೆ ಬಾವಿ ತಳ ಕಾಣುತ್ತದೆ, ನೀರೂ ಸ್ವಲ್ಪ ಉಪ್ಪಾಗುತ್ತದೆ. ಟ್ಯಾಂಕರ್ ಎಷ್ಟು ಬೇಕಾದೀತು ಅಂತ ಈಗಲೇ ತಿಳಿಯಬೇಕು.

ನನ್ನ ಲೆಕ್ಕ ಹೀಗಿದೆ. ಒಂದು ಮೂಟೆ ಸಿಮೆಂಟಿಗೆ ಸುಮಾರು 28 ಲೀಟರ್ ಅಂದರೆ 300 ಮೂಟೆಗೆ 8,400 ಲೀಟರ್. ಇಟ್ಟಿಗೆ ಒಂದಕ್ಕೆ ಅರ್ಧ ಲೀಟರ್ ಹೀರಿದರೂ 8,000 ಇಟ್ಟಿಗೆಗೆ 4,000 ಲೀಟರ್. ನೆನೆಸದೆ ಕಟ್ಟಿದರೆ ಒಣ ಇಟ್ಟಿಗೆ ಗಾರೆಯ ನೀರನ್ನೇ ಎಳೆದುಕೊಳ್ಳುತ್ತದೆ, ಆಮೇಲೆ ಗಾರೆ ಪುಡಿಪುಡಿ ಉದುರುತ್ತದೆ. ಹಾಗಾಗಿ ಇಲ್ಲಿ ಉಳಿತಾಯ ಬೇಡ.

ಕ್ಯೂರಿಂಗ್‌ದೇ ತಲೆನೋವು. ಸ್ಲ್ಯಾಬ್ 65 ಚದರ ಮೀಟರ್. ಬದು ಕಟ್ಟಿ ಒಂದು ಇಂಚು ನೀರು ನಿಲ್ಲಿಸಲು ಸುಮಾರು 1,650 ಲೀಟರ್ ಬೇಕು. ಬಿಸಿಲಿಗೆ ಆರುವುದು, ಸೋರುವುದು ಸೇರಿ ದಿನಕ್ಕೆ 400 ಲೀಟರ್ ಅಂದುಕೊಂಡಿದ್ದೇನೆ. ನಮ್ಮದು ಪಿಪಿಸಿ ಸಿಮೆಂಟ್, ಕನಿಷ್ಠ 10 ದಿನ ಬೇಕು. ಅಲ್ಲಿಗೆ 5,500 ಲೀಟರ್ ದಾಟುತ್ತದೆ.

ಗೋಡೆ, ಪ್ಲಾಸ್ಟರ್‌ಗೆ ಮಾತ್ರ ಅಂದಾಜು ಸಿಗುತ್ತಿಲ್ಲ. ಪೈಪಿನಲ್ಲಿ ಹೊಡೆದರೆ ಅರ್ಧ ನೀರು ನೆಲಕ್ಕೇ ಹೋಗುತ್ತದೆ, ಅಲ್ವಾ? ಗೋಡೆಗೆ ಒದ್ದೆ ಗೋಣಿ ತೂಗಿಸಿದವರು ದಿನಕ್ಕೆ ಎಷ್ಟು ನೀರು ಬಳಸಿದಿರಿ?

ಇನ್ನೊಂದು ಪ್ರಶ್ನೆ. ಕಬ್ಬಿಣವಿರುವ ಕಾಂಕ್ರೀಟಿಗೆ ನೀರಿನ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಬಾವಿ ನೀರನ್ನು ಪರೀಕ್ಷೆಗೆ ಕೊಡುತ್ತೇನೆ. ಮೀರಿದರೆ ಇಟ್ಟಿಗೆ ನೆನೆಸಲಾದರೂ ಬಳಸಬಹುದೇ? ಅಂಥ ನೀರು ಬಳಸಿದವರ ಗೋಡೆಯಲ್ಲಿ ಬಿಳಿ ಉಪ್ಪು ಎದ್ದಿದೆಯೇ? ಕಡಲ ಹತ್ತಿರ ಕಟ್ಟಿಸಿದವರು ದಯವಿಟ್ಟು ಹೇಳಿ.