ಬಾಡಿಗೆ ಕರಾರಿನ ಪಟ್ಟಿಯಲ್ಲಿ "ನವೀಕರಣ ದಿನಾಂಕ" ಅಂದರೆ ಯಾವ ದಿನ?

ಎಲ್ಲರಿಗೂ ನಮಸ್ಕಾರ. ತುಮಕೂರಿನಿಂದ ಬರೆಯುತ್ತಿದ್ದೇನೆ. ನಮ್ಮ ದೊಡ್ಡಪ್ಪನಿಗೆ ಗುಬ್ಬಿ ಗೇಟ್, ಬಟವಾಡಿ, ಕ್ಯಾತ್ಸಂದ್ರದ ಕಡೆ ಮನೆ, ಮಳಿಗೆ ಎಲ್ಲ ಸೇರಿ ನಲವತ್ತರ ಹತ್ತಿರ ಬಾಡಿಗೆಗೆ ಕೊಟ್ಟಿರುವುದು ಇದೆ. ಯಾವ ಕರಾರು ಯಾವಾಗ ಮುಗಿಯುತ್ತದೆ ಎಂದು ನೆನಪಿಸುವ ಒಂದು ಶೀಟ್ ಇಟ್ಟಿದ್ದಾರೆ. ಈಗ ಅದು ನನ್ನ ಕೈಗೆ ಬಂದಿದೆ. ಅದರ ತಲೆಬರಹಗಳ ಬಗ್ಗೆ ನಿಮ್ಮ ಸಹಾಯ ಬೇಕು.

ಶೀಟ್ ಯಾಕೆ ಬೇಕು ಅಂದರೆ, ನಮ್ಮ ಕರಾರುಗಳು ಹೆಚ್ಚಿನವು 11 ತಿಂಗಳವು. ಹಾಗಾಗಿ ಮುಗಿಯುವ ತಿಂಗಳು ಪ್ರತಿ ಸಲವೂ ಒಂದು ತಿಂಗಳು ಹಿಂದಕ್ಕೆ ಸರಿಯುತ್ತದೆ. ಈ ಸಲ ಏಪ್ರಿಲ್ ಕೊನೆಗೆ ಮುಗಿದದ್ದು ಮುಂದಿನ ಸಲ ಮಾರ್ಚ್ ಕೊನೆಗೆ, ಆಮೇಲೆ ಫೆಬ್ರವರಿ ಕೊನೆಗೆ. "ಆ ಅಂಗಡಿದು ಬೇಸಿಗೆಯಲ್ಲಿ ಬರುತ್ತೆ" ಎಂದು ತಲೆಯಲ್ಲಿ ಇಟ್ಟುಕೊಂಡರೆ ಎರಡು ಮೂರು ವರ್ಷದಲ್ಲಿ ಲೆಕ್ಕ ತಪ್ಪುತ್ತದೆ.

ಹಳೆಯ ಶೀಟಿನಲ್ಲಿ ಮೂರೇ ಕಾಲಂ: ಶುರುವಾದ ದಿನ, ಮುಕ್ತಾಯ ದಿನಾಂಕ, ನವೀಕರಣ ದಿನಾಂಕ. ನವೀಕರಣದ ಕಾಲಂ ತುಂಬಿದರೆ ಆ ಸಾಲು ಹಸಿರಾಗುತ್ತದೆ. ಕಷ್ಟ ಇರುವುದು ಇಲ್ಲೇ. ಗುಬ್ಬಿ ಗೇಟ್ ಹತ್ತಿರದ ಒಂದು ಮಳಿಗೆಯ ವಿಷಯ ಹೇಳುತ್ತೇನೆ. ಅದರ ಕರಾರು 1-6-2024ಕ್ಕೆ ಶುರುವಾಗಿ 30-4-2025ಕ್ಕೆ ಮುಗಿಯಬೇಕು. ಬಾಡಿಗೆ 9,000. ಹೊಸ ಕರಾರಾದರೆ ನೂರಕ್ಕೆ ಐದು ಹೆಚ್ಚಿಗೆ, ಅಂದರೆ 9,450. ನವೀಕರಣ ದಿನಾಂಕದ ಕೆಳಗೆ 22-4-2025 ಎಂದು ಇದೆ. ಸಾಲು ಹಸಿರು. ಆದರೆ ಅವತ್ತು ನಡೆದದ್ದು ಇಷ್ಟೇ: ಬಾಡಿಗೆದಾರರು ಫೋನಿನಲ್ಲಿ "ಆಯ್ತು, ಮುಂದುವರಿಸೋಣ" ಅಂದರು. ಸ್ಟ್ಯಾಂಪ್ ಪೇಪರ್ ತರಲಿಲ್ಲ, ಸಹಿ ಆಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಅವರೇ ಬ್ಯಾಂಕ್ ಸಾಲಕ್ಕೆ ಚಾಲ್ತಿಯಲ್ಲಿರುವ ಕರಾರಿನ ಪ್ರತಿ ಕೇಳಿದಾಗ ಕಾಗದವೇ ಇಲ್ಲ ಎಂದು ಗೊತ್ತಾಯಿತು. ಅಲ್ಲಿಯವರೆಗೂ ಹಳೆಯ 9,000 ರೂಪಾಯಿಯೇ ಬರುತ್ತಿತ್ತು.

ಉಳಿದ ಸಾಲುಗಳನ್ನು ಹಳೆ ಕಾಗದಗಳ ಜೊತೆ ಹೋಲಿಸಿದೆ. ಅದೇ ಕಾಲಂನಲ್ಲಿ ಕೆಲವರದ್ದು ಮಾತಾದ ದಿನ, ಕೆಲವರದ್ದು ಸ್ಟ್ಯಾಂಪ್ ಪೇಪರ್ ಕೊಂಡ ದಿನ, ಕೆಲವರದ್ದು ಹೊಸ ಅವಧಿ ಶುರುವಾಗುವ ದಿನ. ಬರೆದವರನ್ನು ತಪ್ಪು ಎನ್ನಲಾಗುವುದಿಲ್ಲ. ಆ ಪದಕ್ಕೆ ಇಷ್ಟೂ ಅರ್ಥ ಬರುತ್ತದೆ.

ನನ್ನ ಪ್ರಶ್ನೆ ಎರಡು. ಒಂದು, ಗುಮಾಸ್ತರು ನೋಡಿದ ಕೂಡಲೇ ಒಂದೇ ಅರ್ಥ ಮಾಡಿಕೊಳ್ಳುವಂಥ ತಲೆಬರಹ ಯಾವುದು? ಎರಡು, ಕಾಗದ ಮುಗಿದಿದೆ, ಜನ ಇನ್ನೂ ಇದ್ದಾರೆ, ಬಾಡಿಗೆಯೂ ಕೊಡುತ್ತಿದ್ದಾರೆ. ನಾವು ಬಾಯಲ್ಲಿ "ಲ್ಯಾಪ್ಸ್ ಆಗಿದೆ" ಅನ್ನುತ್ತೇವೆ. ಆ ಸ್ಥಿತಿಗೆ ಕನ್ನಡದಲ್ಲಿ ಏನು ಬರೆಯುತ್ತೀರಿ?

ಚಿಕ್ಕಬಳ್ಳಾಪುರದಿಂದ, ನಿವೃತ್ತ ಕನ್ನಡ ಮೇಷ್ಟ್ರು

ತಂಗಿ, ನವೀಕರಣ ಅನ್ನುವುದು ಒಂದು ಕೆಲಸದ ಹೆಸರು. ಆ ಕೆಲಸಕ್ಕೆ ಶುರುವೂ ಇದೆ, ಕೊನೆಯೂ ಇದೆ. ಅದಕ್ಕೆ ಒಂದೇ ದಿನಾಂಕ ಕೇಳಿದರೆ ಮನಸ್ಸಿಗೆ ಬಂದದ್ದನ್ನು ಬರೆಯುತ್ತಾರೆ. "ಸಹಿಯಾದ ದಿನ" ಎಂದು ಹಾಕಿ. ಸಹಿ ಆಗಿದೆಯೋ ಇಲ್ಲವೋ ಅನ್ನುವುದರಲ್ಲಿ ಅನುಮಾನಕ್ಕೆ ಜಾಗ ಇಲ್ಲ.

ಎರಡನೆಯದಕ್ಕೆ "ರದ್ದು" ಸಾಕು. ಅವಧಿ ಮುಗಿದ ಮಾರನೆಯ ದಿನವೇ ಕರಾರು ರದ್ದಾಯಿತು. ಆಮೇಲೆ ಅಲ್ಲಿ ಇರುವವರು ಹಕ್ಕಿಲ್ಲದೆ ಇದ್ದ ಹಾಗೆ ಅಲ್ವಾ?

ಕೋಲಾರದಿಂದ, ಪತ್ರ ಬರಹಗಾರರು

ಮೇಷ್ಟ್ರು ಹೇಳಿದ "ಸಹಿಯಾದ ದಿನ" ಸರಿಯಾಗಿದೆ, ನಾನೂ ಒಪ್ಪುತ್ತೇನೆ. "ರದ್ದು" ಮಾತ್ರ ಬೇಡ ಮೇಷ್ಟ್ರೇ. ರದ್ದು ಅಂದರೆ ಯಾರೋ ಮುರಿದದ್ದು. ಅವಧಿ ತೀರುವುದು ಬೇರೆ. ನಾಳೆ ಆ ಶೀಟ್ ವಕೀಲರ ಮುಂದೆ ಹೋದರೆ "ಯಾರು ರದ್ದು ಮಾಡಿದರು, ನೋಟಿಸ್ ಎಲ್ಲಿ" ಎಂಬುದೇ ಅವರ ಮೊದಲ ಪ್ರಶ್ನೆ.

ಹಕ್ಕಿಲ್ಲದೆ ಇದ್ದಾರೆ ಅನ್ನುವುದೂ ಪೂರ್ತಿ ಸರಿಯಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಕಲಂ ಇದಕ್ಕೆಂದೇ ಇದೆ. ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ತೆಗೆದುಕೊಂಡರೆ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ಮನೆ ಅಂಗಡಿಗಳ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದ ಹಾಗೆ. ಅದನ್ನು ನಿಲ್ಲಿಸಬೇಕಾದರೆ 106ನೇ ಕಲಂ ಪ್ರಕಾರ 15 ದಿನದ ನೋಟಿಸ್ ಕೊಡಬೇಕು. ಗುಬ್ಬಿ ಗೇಟ್ ಮಳಿಗೆಯಲ್ಲಿ ಆದದ್ದು ಇದೇ. ಮೇ ತಿಂಗಳಿಂದ ನಿಮ್ಮವರು 9,000 ತೆಗೆದುಕೊಂಡಿದ್ದಾರೆ, ಬಾಡಿಗೆ ನಡೆಯುತ್ತಿದೆ. ಕೈಯಲ್ಲಿ ಹೊಸ ಕಾಗದ ಇಲ್ಲ, ಹೊಸ ಮೊತ್ತಕ್ಕೆ ಒಪ್ಪಿದ್ದಕ್ಕೆ ಸಾಕ್ಷಿಯೂ ಇಲ್ಲ. ನಾವು ಹಳಬರು ಇದಕ್ಕೆ "ವಾಯಿದೆ ಮೀರಿದೆ" ಎಂದು ಬರೆಯುತ್ತೇವೆ.

ಅಮ್ಮಾ, ನಿಮ್ಮ "ಮುಕ್ತಾಯ ದಿನಾಂಕ" ಕೂಡ ನೋಡಿಕೊಳ್ಳಿ. ಅದು ಅವಧಿಯೊಳಗಿನ ಕೊನೆಯ ದಿನವೋ, ಅವಧಿ ಕಳೆದ ಮೇಲಿನ ಮೊದಲ ದಿನವೋ? 30-4 ಎಂದು ಬರೆಯುವವರೂ ಇದ್ದಾರೆ, 1-5 ಎಂದು ಬರೆಯುವವರೂ ಇದ್ದಾರೆ. ಕರಾರಿನಲ್ಲಿ "1-6-2024ರಿಂದ 11 ತಿಂಗಳು" ಎಂದಷ್ಟೇ ಇದ್ದರೆ ಇನ್ನೊಂದು ಗೊಂದಲ. ಅದೇ ಕಾಯ್ದೆಯ 110ನೇ ಕಲಂ ಪ್ರಕಾರ, ಇಂಥ ದಿನದಿಂದ ಎಂದು ಹೇಳಿದರೆ ಎಣಿಸುವಾಗ ಆ ದಿನವನ್ನು ಬಿಡಬೇಕು. ಹಾಗೆ ಎಣಿಸಿದರೆ 1-5ರವರೆಗೂ ಇದೆ ಎಂದು ವಾದ ಮಾಡಬಹುದು. ಅದಕ್ಕೇ ನಾನು ಬರೆಯುವ ಪತ್ರದಲ್ಲಿ "1-6-2024 ಮೊದಲ್ಗೊಂಡು 30-4-2025ರ ಅಂತ್ಯದವರೆಗೆ, ಎರಡೂ ದಿನ ಸೇರಿ" ಎಂದು ಬಿಡಿಸಿ ಬರೆಯುತ್ತೇನೆ. ಬರೀ "ವರೆಗೆ" ಅಂದರೆ ಆ ದಿನ ಸೇರಿತೋ ಇಲ್ಲವೋ ಎಂದು ಜಗಳ ಆಡಿದವರನ್ನು ನೋಡಿದ್ದೇನೆ. ಶೀಟಿನಲ್ಲಿ "ಕೊನೆಯ ದಿನ (ಸೇರಿ)" ಎಂದು ಇರಲಿ.

ಚಿಕ್ಕಬಳ್ಳಾಪುರದಿಂದ, ಗೃಹಿಣಿ

ನಮ್ಮದೂ ಇದೇ ಪರಿಸ್ಥಿತಿ, ಅದಕ್ಕೆ ಬರೆಯುತ್ತಿದ್ದೇನೆ. ನಾವು ಮನೆಯನ್ನು ಭೋಗ್ಯಕ್ಕೆ ಹಾಕಿಕೊಂಡಿದ್ದೇವೆ, ಮೂರು ವರ್ಷಕ್ಕೆ. ವರ್ಷ ಮೀರಿದ್ದು ಅಂತ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಿದ್ದೇವೆ. ಮುಗಿಯುವ ದಿನ ಮಾಲೀಕರಿಗೂ ಗೊತ್ತು, ನಮಗೂ ಗೊತ್ತು. ಆದರೆ ಅವರು ಇನ್ನೊಬ್ಬರು ಭೋಗ್ಯಕ್ಕೆ ಬಂದರೆ ತಾನೇ ನಮ್ಮ ದುಡ್ಡು ವಾಪಸ್ ಕೊಡುವುದು? ಕೊನೆಯ ದಿನ ನೆನಪಿಸಿದರೆ ಏನೂ ಆಗುವುದಿಲ್ಲ. ಆರು ತಿಂಗಳ ಮುಂಚೆಯೇ ಹೇಳಬೇಕು. ಇಂಥದ್ದಕ್ಕೆ ನಿಮ್ಮ ಶೀಟಿನಲ್ಲಿ ಏನಾದರೂ ಇದೆಯಾ?

ತುಮಕೂರಿನಿಂದಲೇ, ವಸಂತನರಸಾಪುರದಲ್ಲಿ ಲೆಕ್ಕಪತ್ರ ನೋಡುವವರು

ಮೇಡಂ, ಹೆಸರು ಯಾವುದಾದರೂ ಆಗಲಿ, ಹಸಿರು ಬಣ್ಣಕ್ಕೆ ಇಟ್ಟ ಷರತ್ತು ಬದಲಿಸಿ. ಬಿ ಕಾಲಂನಲ್ಲಿ ಶುರು ದಿನ, ಸಿಯಲ್ಲಿ ಎಷ್ಟು ತಿಂಗಳು, ಡಿಯಲ್ಲಿ ಕಾಗದ ನೋಡಿ ಕೈಯಾರೆ ಬರೆದ ಕೊನೆಯ ದಿನ, ಇಯಲ್ಲಿ ನೋಟಿಸಿನ ಗಡುವು, ಎಫ್‌ನಲ್ಲಿ ಹೊಸ ಕರಾರಿಗೆ ಸಹಿಯಾದ ದಿನ. ನೋಟಿಸ್ ಎರಡು ತಿಂಗಳು ಅಂದುಕೊಳ್ಳಿ.

```
ಕೊನೆಯ ದಿನ ತಾಳೆ:  =D2=EDATE(B2,C2)-1
ನೋಟಿಸ್ ಗಡುವು:   =EDATE(D2,-2)
ಕೆಂಪು ಬಣ್ಣ:       =AND($F2="",$E2<=TODAY()+15)
```

ಮೊದಲ ಸಾಲು `FALSE` ಅಂದರೆ ಕಾಗದ ತೆಗೆದು ಮತ್ತೆ ಓದಿ. ನಿಮ್ಮ ಮಳಿಗೆಗೆ ಗಡುವು 28-2-2025 ಬರುತ್ತದೆ. ಫೆಬ್ರವರಿ 13ರಿಂದಲೇ ಸಾಲು ಕೆಂಪಾಗುತ್ತಿತ್ತು. ಸಹಿ ಆಗುವವರೆಗೂ ಆ ಕೆಂಪು ಹೋಗುವುದಿಲ್ಲ.

ಇನ್ನೊಂದು. ಶೀಟಿನ ಸೆಟ್ಟಿಂಗ್‌ನಲ್ಲಿ ದೇಶ ಅಮೆರಿಕ ಎಂದಿದ್ದರೆ 5/6/2025 ಮೇ 6 ಆಗಿಬಿಡುತ್ತದೆ. 13/6/2025 ದಿನಾಂಕವೇ ಆಗದೆ ಬರೀ ಅಕ್ಷರವಾಗಿ ಎಡಕ್ಕೆ ಅಂಟಿಕೊಳ್ಳುತ್ತದೆ. ಕೆಲವು ದಿನಾಂಕ ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಬಲಕ್ಕಿರುವುದನ್ನೂ ನಂಬಬೇಡಿ.

ಮತ್ತೆ ತುಮಕೂರಿನಿಂದ, ಪ್ರಶ್ನೆ ಕೇಳಿದವಳು

ಎಲ್ಲರಿಗೂ ವಂದನೆ. "ನವೀಕರಣ" ಪದವನ್ನು ಶೀಟಿನಿಂದ ಪೂರ್ತಿ ತೆಗೆದಿದ್ದೇನೆ. ಈಗ ಇರುವ ತಲೆಬರಹಗಳು: ಶುರು ದಿನ, ಎಷ್ಟು ತಿಂಗಳು, ಕೊನೆಯ ದಿನ (ಸೇರಿ), ನೋಟಿಸ್ ಗಡುವು, ಹೊಸ ಕರಾರಿಗೆ ಸಹಿಯಾದ ದಿನ. ಫೋನಿನಲ್ಲಿ ಒಪ್ಪಿದ್ದನ್ನು ಬರೆಯಲು "ಮಾತುಕತೆ" ಎಂದು ಬೇರೆ ಕಾಲಂ ಮಾಡಿದೆ. ಅದು ತುಂಬಿದರೂ ಬಣ್ಣ ಬದಲಾಗುವುದಿಲ್ಲ. ಹೊಸ ಕರಾರು ಆದರೆ ಹಳೆಯ ಸಾಲಿನ ಮೇಲೆ ಬರೆಯದೆ ಹೊಸ ಸಾಲು ಹಾಕುತ್ತೇವೆ. ಇಲ್ಲದಿದ್ದರೆ ಹಿಂದಿನ ಅವಧಿ ಯಾವತ್ತು ಮುಗಿದಿತ್ತು ಎಂದೇ ಗೊತ್ತಾಗುವುದಿಲ್ಲ.

ಚಿಕ್ಕಬಳ್ಳಾಪುರದ ಅಕ್ಕನ ಮಾತು ನನಗೆ ಹೊಳೆದೇ ಇರಲಿಲ್ಲ. ನಮ್ಮಲ್ಲೂ ಎರಡು ಭೋಗ್ಯದ ಮನೆಗಳಿವೆ, ದುಡ್ಡು ಹೊಂದಿಸಬೇಕಾದವರು ನಾವೇ. ಆ ಎರಡು ಸಾಲಿಗೆ ಸೂತ್ರದಲ್ಲಿ -2 ಬದಲು -6 ಹಾಕಿದ್ದೇನೆ.

"ವಾಯಿದೆ ಮೀರಿದೆ" ಮಾತ್ರ ಇಲ್ಲಿ ಸರಿಹೋಗಲಿಲ್ಲ. ನಮ್ಮ ಗುಮಾಸ್ತರಿಗೆ ವಾಯಿದೆ ಅಂದರೆ ಕೋರ್ಟಿನಲ್ಲಿ ಮುಂದಕ್ಕೆ ಹಾಕಿದ ದಿನ. ಸಾಲ ವಾಪಸ್ ಕೊಡಲು "ಇನ್ನೊಂದು ವಾಯಿದೆ ಕೊಡಿ" ಅನ್ನುವುದೂ ರೂಢಿ. ಬಾಡಿಗೆದಾರರು ಟೈಮ್ ಕೇಳಿದ್ದಾರೆ ಎಂದು ಅವರು ಅರ್ಥ ಮಾಡಿಕೊಂಡರು. ಸದ್ಯಕ್ಕೆ "ಕಾಗದವಿಲ್ಲದೆ ನಡೆಯುತ್ತಿದೆ" ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೆ ಅರ್ಥ ಕೆಡುವುದಿಲ್ಲ.

ಕೋಲಾರದಿಂದ, ಪತ್ರ ಬರಹಗಾರರು

ಕಾಗದ ಇಲ್ಲ ಅನ್ನುವುದು ತಪ್ಪಾಗುತ್ತದೆ ಅಮ್ಮಾ. ಹಳೆ ಕಾಗದ ಇದೆ, ಅದರ ಅವಧಿ ಇಲ್ಲ. ಅಡ್ವಾನ್ಸ್ ಎಷ್ಟು, ರಿಪೇರಿ ಯಾರದ್ದು ಎಂದು ತಕರಾರು ಬಂದರೆ ಆ ಹಳೆ ಕಾಗದವನ್ನೇ ತೆಗೆದು ನೋಡುತ್ತಾರೆ. ಸರ್ಕಾರಿ ಕನ್ನಡದಲ್ಲಿ ಲ್ಯಾಪ್ಸ್‌ಗೆ "ವ್ಯಪಗತ" ಎಂದು ಬರೆಯುತ್ತಾರೆ. ಅದನ್ನು ನಿಮ್ಮ ಗುಮಾಸ್ತರ ಮುಂದೆ ಇಡಲು ನನಗೇ ಮನಸ್ಸಿಲ್ಲ. "ಅವಧಿ ಮೀರಿ ನಡೆಯುತ್ತಿದೆ" ಆಗಬಹುದೇ? ತುಮಕೂರಿನ ಕಡೆಯ ಬೇರೆ ಬರಹಗಾರರು ಏನು ಬರೆಯುತ್ತಾರೆ ಎಂದು ತಿಳಿದವರು ಹೇಳಲಿ.