ಸಹಾಯ ಬೇಕು: ವಕ್ತಾರರ ಸಂದರ್ಶನಕ್ಕೆ ರೆಕಾರ್ಡಿಂಗ್ ಬೇಡ ಅಂತಿದ್ದಾರೆ, ಏನಂತ ಬರೆಯಲಿ?

ಎಲ್ಲರಿಗೂ ನಮಸ್ಕಾರ. ಒಂದು ಡೆಲಿವರಿ ಕಂಪನಿಯ ವಕ್ತಾರರ ಸಂದರ್ಶನಕ್ಕೆ ಸಮಯ ಕೇಳಿದ್ದೇನೆ. ಮೇಲ್‌ನಲ್ಲಿ ಬರೆದದ್ದು ಇಷ್ಟು:

"ವಿಷಯ: ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿರುವ ಶೇ. 1ರಿಂದ 5ರವರೆಗಿನ ಕಲ್ಯಾಣ ಶುಲ್ಕವನ್ನು ನಿಮ್ಮ ಕಂಪನಿ ಹೇಗೆ ಭರಿಸುತ್ತದೆ, ಅದರ ಹೊರೆ ಗ್ರಾಹಕರ ಬಿಲ್ಲಿಗೆ ಬರುತ್ತದೆಯೇ. ಫೋನಿನಲ್ಲಿ 20 ನಿಮಿಷ ಸಾಕು. ಮಂಗಳವಾರ ಅಥವಾ ಬುಧವಾರ ಬೆಳಿಗ್ಗೆ 11ರ ನಂತರ ಆಗಬಹುದೇ? ಟಿಪ್ಪಣಿಗಾಗಿ ಆಡಿಯೋ ರೆಕಾರ್ಡ್ ಮಾಡುತ್ತೇನೆ, ಅದನ್ನು ಪ್ರಸಾರ ಮಾಡುವುದಿಲ್ಲ. ಮಾತು ಹೆಸರಿನೊಂದಿಗೆ ಪ್ರಕಟವಾಗುತ್ತದೆ."

ಪಿಆರ್ ಏಜೆನ್ಸಿಯವರು ಸಮಯಕ್ಕೆ ಒಪ್ಪಿದ್ದಾರೆ, ಆದ್ರೆ ರೆಕಾರ್ಡಿಂಗ್ ಬೇಡ, ಪ್ರಶ್ನೆಗಳನ್ನೆಲ್ಲ ಮೊದಲೇ ಕಳಿಸಿ ಅಂತಿದ್ದಾರೆ. ವಿಷಯದ ನಾಲ್ಕೈದು ಅಂಶ ಕೊಡೋಕೆ ನಾನು ತಯಾರು, ಪ್ರಶ್ನೆಗಳನ್ನೇ ಕೊಟ್ಟರೆ ಬರೆದಿಟ್ಟ ಉತ್ತರ ಓದುತ್ತಾರೆ, ಮರುಪ್ರಶ್ನೆಗೆ ಜಾಗವೇ ಇರಲ್ಲ ಅಲ್ವಾ. ರೆಕಾರ್ಡಿಂಗ್ ಇಲ್ಲದಿದ್ದರೆ ನನಗೆ ಜಾಸ್ತಿ ಚಿಂತೆ, ಯಾಕಂದ್ರೆ ಇದು ಶೇಕಡಾವಾರು ಲೆಕ್ಕದ ವಿಷಯ, "ನಾವು ಭರಿಸುತ್ತೇವೆ" ಮತ್ತು "ಸದ್ಯಕ್ಕೆ ನಾವು ಭರಿಸುತ್ತೇವೆ" ಅನ್ನೋದರ ನಡುವೆ ಸುದ್ದಿಯೇ ಬದಲಾಗುತ್ತದೆ. ಆಮೇಲೆ ಹಾಗೆ ಹೇಳಿಲ್ಲ ಅಂದ್ರೆ ನನ್ನ ಕೈಯಲ್ಲಿ ಬರೀ ಟಿಪ್ಪಣಿ.

ಎರಡೂ ಕಡೆಯವರು ರೆಕಾರ್ಡ್ ಮಾಡಿಕೊಳ್ಳೋಣ ಅಂತ ಕೇಳಬಹುದಾ? ಅಥವಾ ಅವರ ಹೇಳಿಕೆಗಳನ್ನು ಮಾತ್ರ ಮೇಲ್‌ನಲ್ಲಿ ಖಚಿತಪಡಿಸಿಕೊಳ್ಳಲಾ? ಪೂರ್ತಿ ವರದಿ ತೋರಿಸೋಕೆ ನಮ್ಮ ಸಂಪಾದಕರು ಒಪ್ಪಲ್ಲ. ಬಿಸಿನೆಸ್ ವರದಿ ಮಾಡುವವರು, ಪಿಆರ್‌ನಲ್ಲಿ ಇರುವವರು ದಯವಿಟ್ಟು ಹೇಳಿ, ಸೋಮವಾರದೊಳಗೆ ಉತ್ತರ ಕಳಿಸಬೇಕು.