ಸಹಾಯ ಬೇಕು: ಪೋಷಕರಿಗೆ ಬರೆಯುವ ಪತ್ರದ ಒಂದು ಸಾಲು

ನಾನು ಸೋಮವಾರಪೇಟೆ ಕಡೆಯ ಶಾಲೆಯೊಂದರಲ್ಲಿ ಮೂರನೇ ತರಗತಿಯ ಶಿಕ್ಷಕಿ. ಹುಡುಗನೊಬ್ಬನ ಮನೆಗೆ ಪತ್ರ ಬರೆಯಬೇಕಾಗಿದೆ. ಕೇಳಿದ ಕಥೆಯನ್ನು ಒಂದು ವಿವರವೂ ಬಿಡದೆ ಮರಳಿ ಹೇಳುತ್ತಾನೆ. ಓದಲು ಕೊಟ್ಟರೆ ‘ಅಕ್ಕಿ’ ಎಂಬಲ್ಲೇ ನಿಲ್ಲುತ್ತಾನೆ. ಬರೆಯುವಾಗ ಒತ್ತಕ್ಷರ ಬಿಟ್ಟುಹೋಗುತ್ತದೆ, ‘ಮ’ ಮತ್ತು ‘ವ’ ಅದಲುಬದಲಾಗುತ್ತವೆ. ಮನೆಮಾತು ಕೊಡವ ತಕ್ಕ್ ಆದ್ದರಿಂದ ಹೀಗೆ ಎಂದುಕೊಂಡಿದ್ದೆ. ಆದರೆ ಅದೇ ಮನೆಮಾತಿನ ಉಳಿದ ಮಕ್ಕಳು ಸರಾಗವಾಗಿ ಓದುತ್ತಾರೆ, ಇವನೂ ಕನ್ನಡವನ್ನು ಚೆನ್ನಾಗಿಯೇ ಮಾತನಾಡುತ್ತಾನೆ.

‘ನಿಮ್ಮ ಮಗ ಕಲಿಕೆಯಲ್ಲಿ ಹಿಂದುಳಿದಿದ್ದಾನೆ’ ಎಂದು ಬರೆದ ಮೊದಲ ಕರಡನ್ನು ಹರಿದುಹಾಕಿದೆ. ಅದನ್ನು ಓದಿದ ಅಪ್ಪ ಮೊದಲು ಬೆತ್ತ ಹುಡುಕಬಹುದು! ಈಗಿನ ಕರಡು ಇದು:

‘ನಿಮ್ಮ ಮಗನಿಗೆ ಕೇಳಿ ಕಲಿಯುವುದು ಸುಲಭ, ಅಕ್ಷರ ಜೋಡಿಸಿ ಓದುವುದು ಕಷ್ಟ. ಇದು ಸೋಮಾರಿತನವಲ್ಲ, ನಿಮ್ಮ ತಪ್ಪೂ ಅಲ್ಲ. ಶಾಲೆಯಲ್ಲಿ ದಿನಕ್ಕೆ 15 ನಿಮಿಷ ಅವನೊಬ್ಬನನ್ನೇ ಕೂರಿಸಿಕೊಂಡು ಓದಿಸುತ್ತೇನೆ, ವಾರಕ್ಕೆ ಎರಡೇ ಒತ್ತಕ್ಷರ. ಪರಿಸರ ಪಾಠದ ಉತ್ತರವನ್ನು ಬಾಯಿಯಲ್ಲಿ ಹೇಳಿದರೂ ಸಾಕು. ಮನೆಯಲ್ಲಿ ನೀವೇ ಕಥೆ ಓದಿ ಹೇಳಿ. ತಪ್ಪಿದ ಪದವನ್ನು ಹತ್ತು ಸಲ ಬರೆಸಬೇಡಿ. ಆರು ವಾರಗಳ ನಂತರ ಕೂತು ಮಾತನಾಡೋಣ.’

ತೊಡಕಿರುವುದು ಮುಂದಿನ ಸಾಲಿನಲ್ಲಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಬೇಕು; ಆಮೇಲೂ ಓದು ಸುಧಾರಿಸದಿದ್ದರೆ ಮನಶ್ಶಾಸ್ತ್ರಜ್ಞರು ನೋಡಬೇಕು. ಇದು ‘ಡಿಸ್ಲೆಕ್ಸಿಯಾ’ ಎಂಬ ಓದು-ಬರಹದ ತೊಡಕು ಎಂದು ನಿರ್ಧರಿಸುವ ಅರ್ಹತೆ ನನಗಿಲ್ಲ, ಹಾಗಾಗಿ ಆ ಪದವನ್ನು ಬಳಸುವುದಿಲ್ಲ. ಆದರೆ ‘ಮನಶ್ಶಾಸ್ತ್ರಜ್ಞ’ ಎಂದ ಕೂಡಲೇ ಮಗನಿಗೆ ಹುಚ್ಚು ಎಂದು ಅವರು ಹೆದರದಂತೆ ಇದನ್ನು ಹೇಗೆ ಬರೆಯಲಿ? ಇಂತಹ ಪತ್ರ ಬರೆದವರು, ಅಥವಾ ಪಡೆದ ಪೋಷಕರು, ದಯವಿಟ್ಟು ನಿಮ್ಮ ಮಾತಿನಲ್ಲೇ ಒಂದು ಸಾಲು ಬರೆದು ಕೊಡಿ.